ಕನ್‌ಫ್ಯೂಷಿಯನ್ ವಿಧಿಗಳು ಮತ್ತು ಮತಧರ್ಮದ ಪ್ರಶ್ನೆ

ಚೀನದ ಚಿಂತಕ ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಮತ್ತು ಅವನ ಪರಂಪರೆಯವರು ಮನುಷ್ಯನ ಸ್ವಭಾವವನ್ನು ತಿದ್ದುವ ಮುಖ್ಯ ಸಾಧನವೆಂದು ಎಣಿಸಿದ್ದು ‘ಲಿ’ಯನ್ನು, ಅಂದರೆ ವಿಧಿಯನ್ನು. ಪಿತೃಗಳಿಗೆ ಎಡೆಯಿಡುವುದು, ಮದುವೆ, ಶವಸಂಸ್ಕಾರ, ಅರಸನ ಓಲಗ ಮೊದಲಾದ ದೊಡ್ಡ ಆಚರಣೆಗಳ ಜೊತೆಗೆ ಅತಿಥಿಯನ್ನು ಬಾಗಿಲಲ್ಲಿ ಎದುರುಗೊಳ್ಳುವ ಬಗೆ, ಹಿರಿಯರೆದುರು ಕೂರುವ ಬಗೆ, ಯಾವ ಸಂದರ್ಭಕ್ಕೆ ಯಾವ ಉಡುಪು ಎಂಬ ಸಣ್ಣ ಕಟ್ಟಳೆಗಳೂ ಇದರಲ್ಲಿ ಸೇರುತ್ತವೆ. ಈ ವಿಧಿಗಳಲ್ಲಿ ತಿಯನ್ ಎಂಬ ದಿವ್ಯ ಆಕಾಶ, ಪಿತೃಗಳು, ಬಲಿ, ಧೂಪ ಎಲ್ಲವೂ ಉಂಟು. ಆದರೆ ಸೃಷ್ಟಿಕರ್ತನಾದ ದೇವರಿಲ್ಲ, ಪ್ರತ್ಯೇಕ ಪುರೋಹಿತ ವರ್ಗವಿಲ್ಲ, ದೀಕ್ಷೆಯಿಲ್ಲ, ಸತ್ತ ಮೇಲೆ ಮುಕ್ತಿ ಸಿಗುತ್ತದೆಂಬ ಭರವಸೆಯೂ ಇಲ್ಲ. ಹಾಗಾಗಿ ಇದು ಮತವೋ ನೀತಿಶಾಸ್ತ್ರವೋ ಎಂಬ ವಾದ ನಾಲ್ಕು ಶತಮಾನಗಳಿಂದ ನಡೆದುಬಂದಿದೆ. ರೋಮಿನ ಪೋಪರು, ಚೀನದ ಚಕ್ರವರ್ತಿಗಳು, ಗಣರಾಜ್ಯದ ಶಾಸಕರು, ಇಂಡೊನೇಷ್ಯದ ನ್ಯಾಯಾಲಯ ಬೇರೆಬೇರೆ ಕಾಲದಲ್ಲಿ ತೀರ್ಪು ಕೊಟ್ಟಿದ್ದಾರೆ. ಆ ತೀರ್ಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ನೈತಿಕ ತರಬೇತಿ ಮತ್ತು ಮತದ ಪ್ರಶ್ನೆ ಎರಡೂ ಒಟ್ಟಿಗೆ ಎದುರಾಗುವುದು ಸಾವಿನ ಮನೆಯಲ್ಲಿ. ತಂದೆತಾಯಿ ತೀರಿಕೊಂಡಾಗ ಮಕ್ಕಳು ಪಾಲಿಸಬೇಕಾದ ಮೂರು ವರ್ಷದ ಶೋಕ, ಸತ್ತವರ ಹೆಸರಿನಲ್ಲಿ ನಿಲ್ಲಿಸುವ ಮರದ ಫಲಕ, ಈ ಎರಡನ್ನು ಬಿಡಿಸಿ ನೋಡಿದರೆ ಉಳಿದ ವಾದವೆಲ್ಲ ಎಲ್ಲಿಂದ ಹುಟ್ಟಿತೆಂದು ತಿಳಿಯುತ್ತದೆ.

ವಿಧಿ ಏನು ಕಲಿಸುತ್ತದೆ

ಕನ್‌ಫ್ಯೂಷಿಯಸ್ ಮತ್ತು ಶಿಷ್ಯರ ಮಾತುಗಳ ಸಂಗ್ರಹವಾದ ‘ಲುನ್‌ಯು’ದಲ್ಲಿ ಮೆಚ್ಚಿನ ಶಿಷ್ಯ ಯಾನ್ ಹ್ವೇ ಮಾನವೀಯತೆ ಎಂದರೇನು ಎಂದು ಕೇಳುತ್ತಾನೆ. ತನ್ನನ್ನು ಹಿಡಿತಕ್ಕೆ ತಂದುಕೊಂಡು ವಿಧಿಗೆ ಮರಳುವುದೇ ಅದು ಎನ್ನುತ್ತಾನೆ ಗುರು. ವಿವರ ಕೇಳಿದಾಗ ಸಿಗುವ ಉತ್ತರ ಕಣ್ಣು, ಕಿವಿ, ನಾಲಿಗೆ, ಕೈಕಾಲುಗಳಿಗೆ ಸಂಬಂಧಿಸಿದ್ದು: ವಿಧಿಗೆ ಹೊರತಾದುದನ್ನು ನೋಡಬಾರದು, ಕೇಳಬಾರದು, ಆಡಬಾರದು, ಮಾಡಬಾರದು. ಇಲ್ಲಿ ತರಬೇತಿ ದೇಹದಿಂದ ಶುರುವಾಗುತ್ತದೆ. ಒಳ್ಳೆಯ ಭಾವನೆ ಮೊದಲು ಹುಟ್ಟಲಿ, ನಡತೆ ಆಮೇಲೆ ಬರಲಿ ಎಂದು ಕಾಯುವುದಿಲ್ಲ.

ಹಾಗೆಂದು ಅವನು ಕಟ್ಟಳೆಗೆ ಕಣ್ಣುಮುಚ್ಚಿ ಜೋತುಬಿದ್ದವನಲ್ಲ. ವಿಧಿಯ ಪ್ರಕಾರ ಟೋಪಿ ಸೆಣಬಿನದಾಗಿರಬೇಕಿತ್ತು. ಅವನ ಕಾಲದ ಜನ ರೇಷ್ಮೆಯದು ಹಾಕತೊಡಗಿದ್ದರು. ಅದಕ್ಕೆ ಖರ್ಚು ಕಡಿಮೆ, ತಾನೂ ಹಾಕುತ್ತೇನೆ ಎಂದ. ಅರಸನಿಗೆ ಸಭಾಂಗಣದ ಮೆಟ್ಟಿಲ ಕೆಳಗೇ ನಮಿಸಬೇಕೆಂಬುದು ಇನ್ನೊಂದು ವಿಧಿ. ಜನ ಮೇಲೇರಿದ ಮೇಲೆ ನಮಿಸತೊಡಗಿದ್ದರು. ಇದು ಅಹಂಕಾರ, ಎಲ್ಲರೂ ಹಾಗೆ ಮಾಡಿದರೂ ತಾನು ಕೆಳಗೇ ನಮಿಸುವೆ ಎಂದ. ಎರಡರಲ್ಲೂ ಬದಲಾವಣೆ ಆಗಿದೆ. ಮೊದಲನೆಯದು ಬಟ್ಟೆಯನ್ನಷ್ಟೇ ಬದಲಿಸಿತು, ಎರಡನೆಯದು ನಮಿಸುವವನ ಮನಸ್ಸನ್ನೇ ಬದಲಿಸಿತು. ಯಾವ ವಿಧಿಯನ್ನು ಸಡಿಲಿಸಬಹುದು ಎಂಬುದಕ್ಕೆ ಈ ಪರಂಪರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಅಳತೆ ಸಿಗುವುದು ಕಷ್ಟ.

ವಿಧಿಯಿಂದ ಸ್ವಭಾವ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪೂರ್ಣ ಸಿದ್ಧಾಂತ ಕೊಟ್ಟವನು ಕ್ರಿ.ಪೂ. 3ನೆಯ ಶತಮಾನದ ಶುನ್‌ಜಿ. ಅವನಿಗಿಂತ ಹಿಂದಿನ ಮೆನ್ಷಿಯಸ್, ಮನುಷ್ಯನಲ್ಲಿ ಒಳ್ಳೆಯತನದ ಮೊಳಕೆ ಹುಟ್ಟಿನಿಂದಲೇ ಇದೆ, ವಿಧಿ ಅದನ್ನು ಬೆಳೆಸುತ್ತದೆ ಎಂದಿದ್ದ. ಶುನ್‌ಜಿ ಒಪ್ಪಲಿಲ್ಲ. ಮನುಷ್ಯ ಆಸೆಗಳೊಂದಿಗೆ ಹುಟ್ಟುತ್ತಾನೆ; ಆಸೆಗೆ ಮಿತಿಯಿಲ್ಲ, ವಸ್ತುಗಳಿಗೆ ಮಿತಿಯಿದೆ; ಆದ್ದರಿಂದ ಜಗಳ, ಜಗಳದಿಂದ ದಾರಿದ್ರ್ಯ. ಇದನ್ನು ತಪ್ಪಿಸಲು ಹಿಂದಿನ ದೊರೆಗಳು ವಿಧಿಗಳನ್ನು ಮಾಡಿದರು. ಅವು ಆಸೆಯನ್ನು ಕೊಲ್ಲುವುದಿಲ್ಲ, ಅದಕ್ಕೆ ಪಾಲು ಹಂಚಿ ಪೋಷಿಸುತ್ತವೆ. ಡೊಂಕು ಮರವನ್ನು ಹಬೆಯಲ್ಲಿಟ್ಟು ಒತ್ತಿ ನೇರ ಮಾಡುವಂತೆ ವಿಧಿ ಮನುಷ್ಯನನ್ನು ನೇರ ಮಾಡುತ್ತದೆ ಎಂಬ ಹೋಲಿಕೆ ಅವನದೇ.

ಮೂರು ವರ್ಷದ ಶೋಕ

ವಿಧಿಗಳನ್ನು ವಿವರಿಸುವ ಪ್ರಾಚೀನ ಗ್ರಂಥಗಳು ಮೂರು: ‘ಯಿಲಿ’, ‘ಜೋಲಿ’ ಮತ್ತು 49 ಅಧ್ಯಾಯಗಳ ‘ಲಿಜಿ’. ಇವುಗಳಲ್ಲಿ ಅತಿ ಹೆಚ್ಚು ವಿವರ ಪಡೆದ ವಿಷಯಗಳಲ್ಲೊಂದು ಶೋಕ. ಸತ್ತವರ ಜೊತೆಗಿನ ನಂಟಿಗೆ ತಕ್ಕಂತೆ ಐದು ದರ್ಜೆಯ ಉಡುಪುಗಳನ್ನು ಗೊತ್ತುಮಾಡಲಾಗಿತ್ತು. ಕೊನೆಯ ಮೂರು ದರ್ಜೆಗಳ ಅವಧಿ 9, 5 ಮತ್ತು 3 ತಿಂಗಳು. ನಂಟು ದೂರವಾದಂತೆ ಬಟ್ಟೆಯ ನೇಯ್ಗೆ ನಯವಾಗುತ್ತ ಹೋಗುತ್ತದೆ. ಎಲ್ಲಕ್ಕಿಂತ ಭಾರವಾದದ್ದು ತಂದೆಗಾಗಿ ಮಗ ಉಡುವ ಮೊದಲ ದರ್ಜೆ: ಅತಿ ಒರಟು ಸೆಣಬಿನ ಬಟ್ಟೆ, ಅಂಚು ಹೊಲಿಯದೆ ಕತ್ತರಿಸಿದಂತೆಯೇ ಬಿಟ್ಟದ್ದು, ಜೊತೆಗೆ ಆನಿಕೊಳ್ಳಲು ಬಿದಿರಿನ ಕೋಲು.

ಮೂರು ವರ್ಷ ಎಂದರೆ ಮೂರನೆಯ ವರ್ಷಕ್ಕೆ ಕಾಲಿಡುವುದು. ಹಾನ್ ಕಾಲದ ಪಂಡಿತ ಜೆಂಗ್ ಶ್ವೆನ್ ಅದನ್ನು 27 ತಿಂಗಳೆಂದು ಲೆಕ್ಕಹಾಕಿದ, ಅವನ ನಂತರದ ವಾಂಗ್ ಸು 25 ಎಂದ. ಮುಂದೆ ರಾಜ್ಯದ ನಿಯಮದಲ್ಲಿ 27 ನಿಂತಿತು. ಈ ಅವಧಿಯ ಉದ್ದಕ್ಕೂ ದುಃಖಿತ ಒಂದೇ ಸ್ಥಿತಿಯಲ್ಲಿರುವುದಿಲ್ಲ, ಹೆಜ್ಜೆಹೆಜ್ಜೆಯಾಗಿ ಹಿಂದಿರುಗುತ್ತಾನೆ. ‘ಲಿಜಿ’ಯ ಪ್ರಕಾರ ಮೊದಲ ಮೂರು ದಿನ ಊಟವಿಲ್ಲ. ಶವ ಪೆಟ್ಟಿಗೆ ಸೇರಿದ ಮೇಲೆ ಗಂಜಿ, ಬೆಳಿಗ್ಗೆ ಒಂದು ಹಿಡಿ ಅಕ್ಕಿಯದು, ಸಂಜೆ ಒಂದು ಹಿಡಿಯದು. ಹೂಳಿದ ನಂತರದ ವಿಧಿಗಳು ಮುಗಿದ ಮೇಲೆ ಒರಟು ಅನ್ನ, ನೀರು. ವರ್ಷ ತುಂಬಿದಾಗ ತರಕಾರಿ, ಹಣ್ಣು. ಎರಡು ವರ್ಷಕ್ಕೆ ಹುಳಿ, ವ್ಯಂಜನ. ಕೊನೆಯ ವಿಧಿಯಾದ ಮೇಲೆ ಸಿಹಿ ಮದ್ಯ, ಮಾಂಸದಲ್ಲಿ ಮೊದಲು ಒಣಗಿಸಿದ್ದು. ವಾಸವೂ ಹಾಗೆಯೇ. ಮೊದಲು ಗೋಡೆಗೆ ಒರಗಿಸಿದ ಗುಡಿಸಲಲ್ಲಿ, ಹುಲ್ಲಿನ ಮೇಲೆ, ಮಣ್ಣಿನ ಹೆಂಟೆಯನ್ನು ದಿಂಬಾಗಿಸಿಕೊಂಡು ಮಲಗಬೇಕು. ಆಮೇಲೆ ಗುಡಿಸಲು ಸ್ವಲ್ಪ ಸುಧಾರಿಸುತ್ತದೆ, ಚಾಪೆ ಬರುತ್ತದೆ, ಸುಣ್ಣ ಬಳಿದ ಕೋಣೆ ಬರುತ್ತದೆ. ಎರಡು ವರ್ಷದ ವಿಧಿ ಮುಗಿದಾಗ ಮನೆಯೊಳಗಿನ ತನ್ನ ಕೋಣೆಗೆ ಮರಳುತ್ತಾನೆ.

ಇದು ದುಃಖವನ್ನು ತೋರಿಸುವುದಕ್ಕೋ, ತಡೆಯುವುದಕ್ಕೋ? ಎರಡಕ್ಕೂ ಎಂಬುದು ಗ್ರಂಥದ ಉತ್ತರ. ‘ಲಿಜಿ’ಯಲ್ಲಿ ಶಿಷ್ಯ ಜಿಯೂ, ವಿಧಿಗಳಲ್ಲಿ ಕೆಲವು ಭಾವವನ್ನು ಕುಗ್ಗಿಸಲು, ಕೆಲವು ಬೇಕೆಂದೇ ಕೆರಳಿಸಲು ಇರುವಂಥವು ಎಂದು ವಿಂಗಡಿಸುತ್ತಾನೆ. ದುಃಖ ಬಂದ ಹಾಗೆ ಹರಿಯಬಿಡುವುದು ಅನಾಗರಿಕರ ದಾರಿ ಎಂಬ ಕಟುಮಾತೂ ಅಲ್ಲಿದೆ. ಅದೇ ಅಧ್ಯಾಯದ ಇನ್ನೊಂದು ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಶೋಕದ ಅವಧಿ ಮುಗಿಸಿ ಬಂದ ಜಿಶ್ಯಾನ ಕೈಗೆ ತಂತಿವಾದ್ಯ ಕೊಡುತ್ತಾರೆ. ಅವನಿಗೆ ಶ್ರುತಿ ಹಿಡಿಯಲಾಗುವುದಿಲ್ಲ. ದುಃಖ ಇನ್ನೂ ಮರೆತಿಲ್ಲ, ಆದರೆ ವಿಧಿಯನ್ನು ಮೀರುವ ಧೈರ್ಯವಿಲ್ಲದೆ ನಿಲ್ಲಿಸಿದೆ ಎನ್ನುತ್ತಾನೆ. ಹಾಗೆಯೇ ಬಂದ ಜಿಜಾಂಗ್ ಸಲೀಸಾಗಿ ನುಡಿಸುತ್ತಾನೆ. ವಿಧಿ ಹೇಳಿದಷ್ಟನ್ನು ತಲುಪದೆ ಇರುವ ಧೈರ್ಯವಾಗಲಿಲ್ಲ ಎನ್ನುತ್ತಾನೆ. ಒಬ್ಬನನ್ನು ವಿಧಿ ಹಿಂದಕ್ಕೆಳೆಯಿತು, ಮತ್ತೊಬ್ಬನನ್ನು ಮುಂದಕ್ಕೆ ನೂಕಿತು. ಇಬ್ಬರೂ ಅದೇ ಬಟ್ಟೆ ಉಟ್ಟು, ಅದೇ ಗಂಜಿ ಕುಡಿದು, ಅದೇ ದಿನ ಮುಗಿಸುವವರು.

ದೇಹವನ್ನು ಹಾಳುಮಾಡಿಕೊಳ್ಳುವುದಕ್ಕೆ ಮಾತ್ರ ಅನುಮತಿಯಿಲ್ಲ. ತಲೆಯಲ್ಲಿ ಹುಣ್ಣಾದರೆ ತಲೆ ತೊಳೆಯಬೇಕು, ಮೈಯಲ್ಲಿ ಹುಣ್ಣಾದರೆ ಸ್ನಾನ ಮಾಡಬೇಕು, ಕಾಯಿಲೆ ಬಿದ್ದರೆ ಮದ್ಯ ಮಾಂಸ ಸೇವಿಸಬೇಕು, ಗುಣವಾದ ಮೇಲೆ ವ್ರತಕ್ಕೆ ಮರಳಬೇಕು. ಐವತ್ತು ದಾಟಿದವನು ತೀರಾ ಸೊರಗಬಾರದು, ಅರವತ್ತಾದವನು ಸೊರಗಲೇಬಾರದು, ಎಪ್ಪತ್ತಾದವನಿಗೆ ಸೆಣಬಿನ ಬಟ್ಟೆಯೊಂದು ಸಾಕು. ಶೋಕದಲ್ಲಿ ಕುಸಿದು ಬಿದ್ದು ವಿಧಿ ಪೂರೈಸಲಾಗದವನನ್ನು ‘ಲಿಜಿ’ ಪಿತೃಭಕ್ತಿಯಿಲ್ಲದವನ ಸಾಲಿಗೇ ಸೇರಿಸುತ್ತದೆ.

ಈ ಅವಧಿ ಅತಿಯಾಯಿತು ಎಂದವರು ಆಗಲೂ ಇದ್ದರು. ಹೊಸ ಪೈರು ಬರುವುದು ವರ್ಷಕ್ಕೊಮ್ಮೆ, ಶೋಕವೂ ಒಂದೇ ವರ್ಷ ಸಾಕು, ಮೂರು ವರ್ಷ ಬಿಟ್ಟರೆ ಕಲಿತ ವಿಧಿ ಸಂಗೀತಗಳೇ ಮರೆತುಹೋದಾವು ಎಂದು ಶಿಷ್ಯ ಜಾಯ್ ವೊ ವಾದಿಸಿದ. ಕನ್‌ಫ್ಯೂಷಿಯಸ್ ಶಾಸ್ತ್ರ ತೋರಿಸಲಿಲ್ಲ, ಪಿತೃಗಳ ಕೋಪದ ಹೆದರಿಕೆಯನ್ನೂ ಹಾಕಲಿಲ್ಲ. ಅಷ್ಟರಲ್ಲೇ ಒಳ್ಳೆಯ ಅನ್ನ ಉಂಡು ಜರಿಬಟ್ಟೆ ಉಟ್ಟರೆ ನಿನಗೆ ನೆಮ್ಮದಿಯೇ ಎಂದು ಕೇಳಿದ. ನೆಮ್ಮದಿಯೇ ಎಂದ ಶಿಷ್ಯ. ಹಾಗಾದರೆ ಹಾಗೇ ಮಾಡು ಎಂದ ಗುರು. ಅವನು ಹೊರಗೆ ಹೋದ ಮೇಲೆ, ಮಗು ಹುಟ್ಟಿ ಮೂರು ವರ್ಷ ತಂದೆತಾಯಿಯ ತೋಳಲ್ಲಿರುತ್ತದೆ, ಇವನಿಗೆ ಆ ಪ್ರೀತಿ ಸಿಕ್ಕಿರಲಿಲ್ಲವೇ ಎಂದು ನೊಂದುಕೊಂಡ. ಇದು ಮತವಲ್ಲ ಎನ್ನುವವರು ಎತ್ತಿಕೊಳ್ಳಬಹುದಾದ ಪ್ರಸಂಗವಿದು. ವಿಧಿಗೆ ಆಧಾರ ಸತ್ತವರ ಅಗತ್ಯವಲ್ಲ, ಬದುಕಿರುವವನ ನೆಮ್ಮದಿ ಮತ್ತು ಋಣ ಎಂಬುದು ಇಲ್ಲಿ ಸ್ಪಷ್ಟ.

ತರಬೇತಿ ಕೆಡುವುದು ಎಲ್ಲಿ

ಹೊರಗಿನಿಂದ ಒಳಗನ್ನು ತಿದ್ದುವ ಪದ್ಧತಿಗೆ ಹೊರಗನ್ನಷ್ಟೇ ತೋರಿಸುವ ಕಳ್ಳರ ಕಾಟ ತಪ್ಪಿದ್ದಲ್ಲ. ಹಾನ್ ರಾಜ್ಯ ಪಿತೃಭಕ್ತಿಯನ್ನು ಸರ್ಕಾರಿ ಹುದ್ದೆಯ ಅರ್ಹತೆಯಾಗಿಸಿದಾಗ ಇದು ಹೆಚ್ಚಿತು. ಎರಡನೆಯ ಶತಮಾನದಲ್ಲಿ ಜಾವ್ ಶ್ವೆನ್ ಎಂಬವನು ತಂದೆತಾಯಿಯ ಸಮಾಧಿಯ ಸುರಂಗದಾರಿಯಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಶೋಕದಲ್ಲಿದ್ದು ಊರಿನಲ್ಲೆಲ್ಲ ಹೆಸರಾದ. ಶಿಫಾರಸು ಬಂದಾಗ ಪ್ರಾಂತಾಧಿಕಾರಿ ಚೆನ್ ಫಾನ್ ಅವನ ಸಂಸಾರವನ್ನು ವಿಚಾರಿಸಿದ. ಐದು ಮಕ್ಕಳು, ಐವರೂ ಶೋಕದ ಅವಧಿಯಲ್ಲಿ ಹುಟ್ಟಿದವರು. ಶೋಕದಲ್ಲಿ ಹೆಂಡತಿಯ ಜೊತೆ ಮಲಗುವಂತಿಲ್ಲ. ಚೆನ್ ಫಾನ್ ಅವನಿಗೆ ಹುದ್ದೆ ಕೊಡದೆ ಶಿಕ್ಷೆ ಕೊಟ್ಟ. ಇದಕ್ಕೆ ಸರಿ ವಿರುದ್ಧವಾಗಿ 3ನೆಯ ಶತಮಾನದ ಕವಿ ರುವಾನ್ ಜಿ ತಾಯಿ ಸತ್ತಾಗ ಎಲ್ಲರೆದುರು ಮಾಂಸ ತಿಂದು ಮದ್ಯ ಕುಡಿದು, ಆಮೇಲೆ ಗೋಳಾಡಿ ರಕ್ತ ಕಾರಿಕೊಂಡನೆಂಬ ಕಥೆ ಉಳಿದಿದೆ. ವಿಧಿ ಒಬ್ಬನಲ್ಲಿ ಭಾವವಿಲ್ಲದೆ ನಿಂತಿತು, ಮತ್ತೊಬ್ಬನಲ್ಲಿ ಭಾವ ವಿಧಿಯನ್ನು ಒದ್ದು ಹೊರಬಂತು. ಜನ ಮೆಚ್ಚಿ ನೆನಪಿಟ್ಟುಕೊಂಡದ್ದು ರುವಾನ್ ಜಿಯನ್ನು.

ರಾಜಕೀಯಕ್ಕೂ ಇದು ಆಯುಧವಾಯಿತು. ತಂದೆ ಅಥವಾ ತಾಯಿ ಸತ್ತರೆ ಅಧಿಕಾರಿ 27 ತಿಂಗಳು ಹುದ್ದೆ ಬಿಟ್ಟು ಊರಿಗೆ ಹೋಗಬೇಕೆಂಬ ನಿಯಮವಿತ್ತು. 1577ರಲ್ಲಿ ಮಿಂಗ್ ಸಾಮ್ರಾಜ್ಯದ ಪ್ರಧಾನ ಅಮಾತ್ಯ ಜಾಂಗ್ ಜುಜೆಂಗ್‌ನ ತಂದೆ ತೀರಿಕೊಂಡಾಗ ಆಡಳಿತ ಸುಧಾರಣೆ ಅರ್ಧದಲ್ಲಿತ್ತು, ಚಕ್ರವರ್ತಿ ವಾನ್‌ಲಿ ಇನ್ನೂ ಹುಡುಗ. ಅರಮನೆ ಅವನನ್ನು ಹುದ್ದೆಯಲ್ಲೇ ಉಳಿಸಿಕೊಂಡಿತು. ವಿರೋಧಿಸಿ ಬರೆದ ಅಧಿಕಾರಿಗಳಿಗೆ ಆಸ್ಥಾನದಲ್ಲಿ ಬೆತ್ತದ ಏಟು ಬಿತ್ತು. ಅವರಲ್ಲಿ ನೈತಿಕ ಸಿಟ್ಟು ಎಷ್ಟು, ಸುಧಾರಣೆಯ ಮೇಲಿನ ಹಗೆ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಇನ್ನೂ ಆಳವಾದ ದೋಷ ಶೋಕದ ಪಟ್ಟಿಯಲ್ಲೇ ಇದೆ. ಹೆಂಡತಿ ಗಂಡನಿಗಾಗಿ ಮೂರು ವರ್ಷ ಶೋಕ ಆಚರಿಸಬೇಕು, ಗಂಡ ಹೆಂಡತಿಗಾಗಿ ಒಂದು ವರ್ಷ. ಮದುವೆಯಾಗಿ ಹೋದ ಮಗಳಿಗೆ ಹೆತ್ತವರ ಶೋಕವೂ ಒಂದೇ ವರ್ಷಕ್ಕಿಳಿಯುತ್ತದೆ. ತಂದೆ ಬದುಕಿರುವಾಗ ತಾಯಿ ಸತ್ತರೆ ಮಗನಿಗೂ ಒಂದೇ ವರ್ಷ. ಇದನ್ನು ತಂದೆಯ ಶೋಕಕ್ಕೆ ಸಮ ಮಾಡಿದ್ದು 1374ರಲ್ಲಿ ಮಿಂಗ್ ಚಕ್ರವರ್ತಿ ಹೊಂಗ್‌ವು. ವಿಧಿ ದೇಹಕ್ಕೆ ಕೃತಜ್ಞತೆಯನ್ನು ಕಲಿಸಿದಷ್ಟೇ ಗಟ್ಟಿಯಾಗಿ ಯಾರು ಮೇಲು ಯಾರು ಕೀಳು ಎಂಬುದನ್ನೂ ಕಲಿಸಿತು. 20ನೆಯ ಶತಮಾನದ ಸುಧಾರಕರು ಇಡೀ ಪರಂಪರೆಯ ಮೇಲೆ ಹರಿಹಾಯ್ದದ್ದು ಮುಖ್ಯವಾಗಿ ಇದಕ್ಕಾಗಿ.

ಮರದ ಫಲಕ

ಶೋಕ ಮುಗಿದ ಮೇಲೆ ಸತ್ತವರು ಮನೆಯಲ್ಲಿ ಫಲಕವಾಗಿ ಉಳಿಯುತ್ತಾರೆ. ಸೊಂಗ್ ಕಾಲದ ದಾರ್ಶನಿಕ ಜು ಶಿ (1130–1200) ಹೆಸರಿನಲ್ಲಿರುವ ‘ಗೃಹವಿಧಿ’ ಗ್ರಂಥ ಇದನ್ನು ಸಾಮಾನ್ಯ ಮನೆತನಗಳಿಗೂ ಎಟುಕಿಸಿತು. ಕೊರಿಯ, ವಿಯೆಟ್ನಾಮ್‌ಗಳಿಗೂ ಹರಡಿತು. ಮನೆಯ ಪೂರ್ವಕ್ಕೆ ಒಂದು ಪಿತೃಗೃಹ, ಅದರಲ್ಲಿ ನಾಲ್ಕು ತಲೆಮಾರಿನವರ ಫಲಕಗಳು. ಫಲಕ ಚೆಸ್ಟ್‌ನಟ್ ಮರದ್ದು. ಅದರ ಪೀಠ ನಾಲ್ಕು ಅಂಗುಲ ಚೌಕ, ನಾಲ್ಕು ಋತುಗಳ ಲೆಕ್ಕಕ್ಕೆ. ಎತ್ತರ ಹನ್ನೆರಡು ಅಂಗುಲ, ಹನ್ನೆರಡು ತಿಂಗಳ ಲೆಕ್ಕಕ್ಕೆ. ಅಗಲ ಅಂಗುಲದ ಹತ್ತನೇ ಒಂದರಂತೆ ಮೂವತ್ತು ಭಾಗ, ತಿಂಗಳ ದಿನಗಳ ಲೆಕ್ಕಕ್ಕೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಅದರೆದುರು ನಮಸ್ಕಾರ, ಮನೆಯಲ್ಲಿ ಮದುವೆ, ಹುದ್ದೆ, ಹೆರಿಗೆ ಏನೇ ಆದರೂ ಅದಕ್ಕೆ ವರದಿ.

ಸತ್ತವರು ನಿಜಕ್ಕೂ ಅಲ್ಲಿದ್ದಾರೆಯೇ? ಕನ್‌ಫ್ಯೂಷಿಯಸ್ ಈ ಪ್ರಶ್ನೆಯನ್ನು ಪ್ರತಿ ಸಲ ಪಕ್ಕಕ್ಕಿಟ್ಟ. ಪಿತೃಗಳು ಎದುರಿಗಿದ್ದಂತೆ ಭಾವಿಸಿ ಎಡೆಯಿಡುತ್ತಿದ್ದನೆಂದು ಶಿಷ್ಯರು ದಾಖಲಿಸಿದ್ದಾರೆ. ಆತ್ಮಗಳ ಸೇವೆಯ ಬಗ್ಗೆ ಕೇಳಿದವನಿಗೆ ಮೊದಲು ಮನುಷ್ಯರ ಸೇವೆ ಕಲಿ ಎಂದ. ಶುನ್‌ಜಿ ಇನ್ನೂ ನೇರ: ಮಳೆಗಾಗಿ ಬಲಿ ಕೊಟ್ಟಾಗ ಮಳೆ ಬಂದರೆ ಅದಕ್ಕೆ ವಿಶೇಷ ಅರ್ಥವಿಲ್ಲ, ಬಲಿ ಕೊಡದಿದ್ದರೂ ಬರುತ್ತದೆ. ಪಿತೃಪೂಜೆ ಬಲ್ಲವರಿಗೆ ಮಾನವಧರ್ಮ, ಸಾಮಾನ್ಯರಿಗೆ ಭೂತಸೇವೆ ಎಂದೂ ಅವನೇ ಬರೆದ. ಆದರೆ ಇಡೀ ಪರಂಪರೆ ಶುನ್‌ಜಿಯಂತೆ ಯೋಚಿಸಲಿಲ್ಲ. ಜು ಶಿಯ ಪ್ರಕಾರ ಪಿತೃಗಳೂ ವಂಶಜರೂ ಒಂದೇ ಪ್ರಾಣಶಕ್ತಿಯ ಪಾಲುದಾರರು; ಮಗನ ಶ್ರದ್ಧೆ ನಿಜವಾಗಿದ್ದರೆ ಚದುರಿದ ಆ ಶಕ್ತಿ ಸ್ಪಂದಿಸುತ್ತದೆ. ಇದನ್ನು ಬರೀ ನೆನಪಿನ ಕಾರ್ಯಕ್ರಮ ಎನ್ನಲಾಗದು, ದೇವರ ಪೂಜೆ ಎನ್ನಲೂ ಆಗದು. ಮುಂದಿನ ವಾದದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಅರ್ಧವನ್ನು ಹಿಡಿದುಕೊಂಡರು.

ರೋಮ್ ಮತ್ತು ಪೀಕಿಂಗ್

ಮೊದಲು ತೀರ್ಪು ಬೇಕಾದದ್ದು ಕ್ಯಾಥೊಲಿಕ್ ಚರ್ಚಿಗೆ. 1582ರಲ್ಲಿ ಮಕಾವಿಗೆ ಬಂದು 1601ರಲ್ಲಿ ಪೀಕಿಂಗ್ ಸೇರಿದ ಜೆಸ್ವಿಟ್ ಪಾದ್ರಿ ಮತ್ತೆಯೊ ರಿಚ್ಚಿ, ವಿದ್ವಾಂಸರು ಕನ್‌ಫ್ಯೂಷಿಯಸ್‌ಗೂ ಪಿತೃಗಳಿಗೂ ಸಲ್ಲಿಸುವ ಗೌರವ ವಿಗ್ರಹಾರಾಧನೆಯಲ್ಲ, ಕ್ರೈಸ್ತನಾದವನೂ ಅದನ್ನು ಮುಂದುವರಿಸಬಹುದು ಎಂದ. ಅವನು ಬೆರೆತದ್ದು ಪರೀಕ್ಷೆ ಪಾಸಾದ ಪಂಡಿತರ ಜೊತೆ. 1630ರ ದಶಕದಲ್ಲಿ ಬಂದ ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಪಾದ್ರಿಗಳು ಫೂಜಿಯನ್ ಪ್ರಾಂತದ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಅವರು ಕಂಡದ್ದು ಫಲಕದೆದುರು ಹರಕೆ ಹೊತ್ತು ಬೇಡಿಕೊಳ್ಳುವ ಜನರನ್ನು. ಇಬ್ಬರೂ ಸುಳ್ಳು ಹೇಳಲಿಲ್ಲ. ಶುನ್‌ಜಿ ವಿಂಗಡಿಸಿದ ಎರಡು ಬಗೆಯ ಜನರಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯವರನ್ನು ಕಂಡಿದ್ದರು.

ರೋಮ್ 1645ರಲ್ಲಿ ನಿಷೇಧಿಸಿತು, 1656ರಲ್ಲಿ ಜೆಸ್ವಿಟರ ವಿವರಣೆ ಕೇಳಿ ಸಮ್ಮತಿಸಿತು. 1700ರಲ್ಲಿ ಜೆಸ್ವಿಟರು ನೇರವಾಗಿ ಚಕ್ರವರ್ತಿ ಕಾಂಗ್‌ಶಿಯನ್ನೇ ಕೇಳಿದರು. ಕನ್‌ಫ್ಯೂಷಿಯಸ್‌ಗೆ ನಮಿಸುವುದು ಗುರುವೆಂದು, ಬುದ್ಧಿ ಹುದ್ದೆಗಳನ್ನು ಬೇಡಲು ಅಲ್ಲ; ಪಿತೃಗಳಿಗೆ ಎಡೆಯಿಡುವುದು ಪ್ರೀತಿಯಿಂದ, ರಕ್ಷಣೆ ಕೋರಿ ಅಲ್ಲ ಎಂಬ ಅವರ ಹೇಳಿಕೆಗೆ ಅವನು ಒಪ್ಪಿಗೆ ಹಾಕಿದ. ಚೀನದ ವಿಧಿಯ ಅರ್ಥವನ್ನು ಚೀನದ ಅರಸನೇ ಹೇಳಿದ ಮೇಲೆ ಮಾತು ಮುಗಿಯಬೇಕಿತ್ತು. ರೋಮಿಗೆ ಅದು ಅನ್ಯಧರ್ಮೀಯನೊಬ್ಬ ಧರ್ಮಶಾಸ್ತ್ರದಲ್ಲಿ ಕೈಹಾಕಿದಂತೆ ಕಂಡಿತು. 1704ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟ್ ವಿಧಿಗಳನ್ನು ತಳ್ಳಿಹಾಕಿದ. ಫಲಕದ ಮೇಲೆ ಸತ್ತವರ ಹೆಸರಷ್ಟೇ ಇರಬಹುದು, ‘ಆತ್ಮದ ಪೀಠ’ ಎಂಬ ಅಕ್ಷರಗಳಿರಕೂಡದು ಎಂಬಲ್ಲಿಗೆ ವಾದ ಬಂದು ನಿಂತಿತು. 1706ರಲ್ಲಿ ಕಾಂಗ್‌ಶಿ, ವಿಧಿಗಳ ಕಡು ವಿರೋಧಿಯಾದ ಬಿಷಪ್ ಮೆಗ್ರೋನನ್ನು ಕರೆಸಿ ಸಿಂಹಾಸನದ ಹಿಂದೆ ಬರೆದಿದ್ದ ನಾಲ್ಕು ಅಕ್ಷರಗಳನ್ನು ಓದಲು ಹೇಳಿದ. ನಾಲ್ಕನ್ನೂ ಓದಲು ಅವನಿಂದ ಆಗಲಿಲ್ಲ. ಅವನಿಗೆ ಗಡೀಪಾರಾಯಿತು, ರಿಚ್ಚಿಯ ಪದ್ಧತಿಯನ್ನು ಒಪ್ಪುವೆವೆಂದು ಹೇಳಿ ಪತ್ರ ಪಡೆದವರು ಮಾತ್ರ ಉಳಿಯಬಹುದೆಂದು ಆಜ್ಞೆಯಾಯಿತು. ಪೋಪರು 1715ರಲ್ಲೂ 1742ರಲ್ಲೂ ನಿಷೇಧವನ್ನು ಬಿಗಿಗೊಳಿಸಿದರು. 1724ರಲ್ಲಿ ಯೊಂಗ್‌ಜೆಂಗ್ ಚಕ್ರವರ್ತಿ ಕ್ರೈಸ್ತ ಮತವನ್ನೇ ನಿಷೇಧಿಸಿದ.

ಈ ವಿವಾದಕ್ಕೆ ನಮ್ಮ ಕಡೆಯ ಕೊಂಡಿಯೂ ಒಂದುಂಟು. ಪೋಪನ ಪ್ರತಿನಿಧಿಯಾಗಿ ಚೀನಕ್ಕೆ ಹೊರಟಿದ್ದ ತೂರ್ನೊ ದಾರಿಯಲ್ಲಿ 1703ರಲ್ಲಿ ಪುದುಚೇರಿಯಲ್ಲಿ ಇಳಿದು, ಮರುವರ್ಷ ‘ಮಲಬಾರ್ ವಿಧಿ’ಗಳ ವಿರುದ್ಧ ಆಜ್ಞೆ ಹೊರಡಿಸಿದ. ಕ್ರೈಸ್ತರಾದವರು ಜಾತಿಯ ಗುರುತು, ತಾಳಿ, ಸ್ಥಳೀಯ ಆಚಾರಗಳನ್ನು ಉಳಿಸಿಕೊಳ್ಳಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಮಧುರೈ ಮತ್ತು ಕರ್ನಾಟಿಕ್ ಮಿಷನ್‌ಗಳ ಜೊತೆಗೆ ಮೈಸೂರು ಮಿಷನ್ನಿನ ಜೆಸ್ವಿಟರೂ ಆ ಆಜ್ಞೆಗೆ ಒಳಪಟ್ಟರು.

ಅತಿ ದುಬಾರಿ ಬೆಲೆ ತೆತ್ತದ್ದು ಕೊರಿಯ. ಪೀಕಿಂಗಿನ ಬಿಷಪ್ ಪಿತೃವಿಧಿ ಕೂಡದೆಂದು ತಿಳಿಸಿದ ಮೇಲೆ, ಯುನ್ ಜಿ-ಚುಂಗ್ ಎಂಬ ಕುಲೀನ ಮನೆಯ ವಿದ್ವಾಂಸ ಫಲಕಗಳನ್ನು ಸುಟ್ಟು, ತಾಯಿಯ ಉತ್ತರಕ್ರಿಯೆಯನ್ನು ಕ್ಯಾಥೊಲಿಕ್ ರೀತಿಯಲ್ಲಿ ಮಾಡಿದ. 1791ರಲ್ಲಿ ರಾಜ್ಯ ಅವನ ತಲೆ ತೆಗೆಸಿತು. ಅವನ ಪಾಲಿಗೆ ಫಲಕ ಮರದ ತುಂಡು. ರಾಜ್ಯದ ಪಾಲಿಗೆ ಅದನ್ನು ಸುಡುವುದು ಹೆತ್ತವರನ್ನೇ ಅಲ್ಲಗಳೆದಂತೆ. ಹೀಗೆ ಕೊಂದ ರಾಜ್ಯವನ್ನು ಮತನಿರಪೇಕ್ಷ ನೀತಿಯ ರಾಜ್ಯ ಎನ್ನುವುದು ಕಷ್ಟ. 1939ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮನಸ್ಸು ಬದಲಿಸಿ ಈ ವಿಧಿಗಳು ಲೌಕಿಕ ಗೌರವ ಎಂದು ಘೋಷಿಸಿತು. ರಿಚ್ಚಿ ಸತ್ತು ಆಗ 329 ವರ್ಷವಾಗಿತ್ತು.

ಮತ ಎಂಬ ಪಟ್ಟ ಬೇಕೆ

ಜಗತ್ತಿನ ಮತಗಳ ಪಟ್ಟಿಗೆ ಇದನ್ನು ಸೇರಿಸಿದ್ದು ಬ್ರಿಟನ್ನಿನ ವಿದ್ವಾಂಸರು. ಮ್ಯಾಕ್ಸ್ ಮುಲ್ಲರ್ ಸಂಪಾದಿಸಿದ ಪೂರ್ವದೇಶಗಳ ಪವಿತ್ರ ಗ್ರಂಥಮಾಲೆಯಲ್ಲಿ ಮಿಷನರಿ ಜೇಮ್ಸ್ ಲೆಗ್ ಅನುವಾದಿಸಿದ ಕನ್‌ಫ್ಯೂಷಿಯನ್ ಗ್ರಂಥಗಳು 1879ರಿಂದ ಬಂದವು. ಪ್ರಾಚೀನ ಚೀನಿಯರು ಏಕದೇವನನ್ನು ಅರಿತಿದ್ದರು ಎಂದು ಲೆಗ್ ನಂಬಿದ್ದ. ಅವನ ಈ ವಾದಕ್ಕೆ ಸಹ ಮಿಷನರಿಗಳೇ ಸಿಡಿದೆದ್ದರು.

ಚೀನದೊಳಗೆ ಮತ ಎಂಬ ಪಟ್ಟವನ್ನು ಬಯಸಿದವನು ಕಾಂಗ್ ಯೂವೇ (1858–1927). ಪಾಶ್ಚಾತ್ಯರ ಬಲದ ಹಿಂದೆ ಚರ್ಚು ಇದೆ, ಚೀನಕ್ಕೂ ಅಂಥದೊಂದು ಬೇಕು ಎಂಬುದು ಅವನ ಲೆಕ್ಕ. ಶಿಷ್ಯ ಚೆನ್ ಹುವಾನ್‌ಜಾಂಗ್ 1912ರಲ್ಲಿ ಶಾಂಘೈಯಲ್ಲಿ ಕನ್‌ಫ್ಯೂಷಿಯನ್ ಮತ ಸಂಘ ಸ್ಥಾಪಿಸಿದ. ಮರುವರ್ಷ ಇದನ್ನು ರಾಷ್ಟ್ರಮತವಾಗಿಸಲು ಸಂಸತ್ತಿಗೆ ಮನವಿ ಹೋಯಿತು. ಸಂಸತ್ತು ಒಪ್ಪಲಿಲ್ಲ. ರಾಷ್ಟ್ರೀಯ ಶಿಕ್ಷಣದಲ್ಲಿ ಕನ್‌ಫ್ಯೂಷಿಯಸ್‌ನ ಮಾರ್ಗ ಚಾರಿತ್ರ್ಯದ ಬುನಾದಿ ಎಂಬ ಸಾಲು ಕರಡು ಸಂವಿಧಾನಕ್ಕೆ ಸೇರಿದ್ದಷ್ಟೇ ಲಾಭ. ಚೆನ್ ದುಶ್ಯು ಮೊದಲಾದ ಹೊಸ ತಲೆಮಾರಿನವರಿಗೆ ಅದೂ ಅತಿಯಾಗಿತ್ತು.

1978ರಲ್ಲಿ ಮಾರ್ಕ್ಸ್‌ವಾದಿ ವಿದ್ವಾಂಸ ರೆನ್ ಜಿಯು, ಕನ್‌ಫ್ಯೂಷಿಯನ್ ಪಂಥ ಮತವೇ ಹೌದು ಎಂದು ವಾದಿಸಿದರು. ಅದು ಹೊಗಳಿಕೆಯಲ್ಲ. ಮತ ಎಂದರೆ ಪ್ರಗತಿಗೆ ಅಡ್ಡಿ ಎಂದು ತಿಳಿದಿದ್ದ ಕಾಲದಲ್ಲಿ ಅದು ದೋಷಾರೋಪ. ಬಹುಪಾಲು ಸಹೋದ್ಯೋಗಿಗಳು ವಿರೋಧಿಸಿದರು, ಶಿಷ್ಯ ಲಿ ಶೆನ್ ಬೆಂಬಲಿಸಿ ದೊಡ್ಡ ಇತಿಹಾಸವನ್ನೇ ಬರೆದರು. ಎರಡು ದಶಕ ಕಳೆಯುವಷ್ಟರಲ್ಲಿ ಜಿಯಾಂಗ್ ಚಿಂಗ್‌ರಂಥವರು ಅದೇ ಮಾತನ್ನು ಹೆಮ್ಮೆಯಿಂದ ಹೇಳತೊಡಗಿದರು. ಹಾಂಗ್‌ಕಾಂಗ್, ತೈವಾನ್‌ಗಳಲ್ಲಿದ್ದ ಮೋ ಜೊಂಗ್‌ಸಾನ್, ತಾಂಗ್ ಜುನ್‌ಯಿ ಮತ್ತು ಸಂಗಡಿಗರು ಇದಕ್ಕೂ ಮೊದಲೇ, 1958ರ ತಮ್ಮ ಪ್ರಣಾಳಿಕೆಯಲ್ಲಿ ಮಧ್ಯದ ದಾರಿ ಹಿಡಿದಿದ್ದರು: ಚರ್ಚಿನಂಥ ಸಂಸ್ಥೆ ಇಲ್ಲದಿದ್ದರೂ ಮನುಷ್ಯನನ್ನು ತಿಯನ್‌ಗೆ ಜೋಡಿಸುವ ಧಾರ್ಮಿಕ ಭಾವ ಇದರ ನೀತಿಯೊಳಗೇ ಇದೆ. ಅಮೆರಿಕದ ಹರ್ಬರ್ಟ್ ಫಿಂಗರೆಟ್ 1972ರಲ್ಲಿ ಬರೆದ ಪುಟ್ಟ ಪುಸ್ತಕ ಈ ಪ್ರಶ್ನೆಯನ್ನೇ ತಿರುಗಿಸಿತು. ಕೈಕುಲುಕುವಂಥ ದಿನನಿತ್ಯದ ವಿಧಿಯಲ್ಲೇ ಪಾವಿತ್ರ್ಯವನ್ನು ಕಂಡವನು ಕನ್‌ಫ್ಯೂಷಿಯಸ್, ಅದನ್ನು ಬೇರೆ ಲೋಕದಲ್ಲಿ ಹುಡುಕಬೇಕಿಲ್ಲ ಎಂದಿತು. ಶೋಕದ ಗಂಜಿಯನ್ನು ವಿವರಿಸಲು ಈ ನೋಟ ಉಳಿದವಕ್ಕಿಂತ ಹೆಚ್ಚು ಒದಗುತ್ತದೆ. ಆದರೆ ಜು ಶಿಯ ಪ್ರಾಣಶಕ್ತಿಯನ್ನೂ ಹರಕೆ ಹೊತ್ತ ಫೂಜಿಯನ್ ರೈತನನ್ನೂ ಅದು ಹೊರಗೇ ಬಿಡುತ್ತದೆ.

ಇಂಡೊನೇಷ್ಯದಲ್ಲಿ ಈ ಪ್ರಶ್ನೆ ಮದುವೆ ನೋಂದಣಿಯ ಕೌಂಟರಿಗೆ ಬಂತು. ಅಲ್ಲಿನ ರಾಷ್ಟ್ರತತ್ವದ ಮೊದಲ ಅಂಶ ಏಕದೇವನಲ್ಲಿ ನಂಬಿಕೆ. 1965ರ ಅಧ್ಯಕ್ಷೀಯ ಶಾಸನ ಹೆಸರಿಸಿದ ಆರು ಮತಗಳಲ್ಲಿ ‘ಖೊಂಗ್‌ಹುಚು’ ಎಂಬ ಹೆಸರಿನ ಕನ್‌ಫ್ಯೂಷಿಯನ್ ಮತವೂ ಇತ್ತು. ಸುಹಾರ್ತೋ ಆಡಳಿತ ಚೀನೀ ಆಚರಣೆಗಳನ್ನು ಬೀದಿಯಿಂದ ಮನೆಯೊಳಗೆ ತಳ್ಳಿತು, 1978ರಲ್ಲಿ ಮಾನ್ಯ ಮತಗಳ ಪಟ್ಟಿಯನ್ನು ಐದಕ್ಕಿಳಿಸಿತು. 1995ರಲ್ಲಿ ಸುರಬಾಯದ ಜೋಡಿಯೊಂದು ಖೊಂಗ್‌ಹುಚು ಪದ್ಧತಿಯಲ್ಲಿ ಮದುವೆಯಾದಾಗ ನೋಂದಣಿ ಕಚೇರಿ ಒಪ್ಪಲಿಲ್ಲ. ಅವರು ಮೊಕದ್ದಮೆ ಹೂಡಿದರು. ಸುಹಾರ್ತೋ ಇಳಿದ ಮೇಲೆ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. 2000ದಲ್ಲಿ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ಹಳೆಯ ನಿರ್ಬಂಧ ತೆಗೆದರು, 2006ರಲ್ಲಿ ಪೂರ್ಣ ಮಾನ್ಯತೆ ಮರಳಿತು. ಇಷ್ಟರಲ್ಲಿ ಆ ಸಮುದಾಯ ತಿಯನ್ ಅನ್ನು ಏಕದೇವನೆಂದೂ, ಕನ್‌ಫ್ಯೂಷಿಯಸ್‌ನನ್ನು ಪ್ರವಾದಿಯೆಂದೂ, ನಾಲ್ಕು ಗ್ರಂಥಗಳನ್ನು ಪವಿತ್ರ ಶಾಸ್ತ್ರವೆಂದೂ ಸ್ಪಷ್ಟಪಡಿಸಿಕೊಂಡಿತ್ತು. ‘ಲಿತಾಂಗ್’ ಎಂಬ ಮಂದಿರಗಳಲ್ಲಿ ಪ್ರವಚನ ಸಹಿತ ಪ್ರಾರ್ಥನಾಸಭೆ ನಡೆಸುತ್ತಿತ್ತು. ಕಾನೂನು ಕೇಳಿದ ಆಕಾರವನ್ನು ಅವರು ತಾಳಿದರು. ಹಾಗೆಂದು ಅವರ ಶ್ರದ್ಧೆ ನಕಲಿಯಲ್ಲ. ರಾಜ್ಯದ ನಿಯಮಕ್ಕೆ ಹೊಂದಿಕೊಂಡು ಬದಲಾಗುವುದನ್ನು ಈ ಪರಂಪರೆ ಹಾನ್ ಕಾಲದಿಂದಲೂ ಮಾಡಿಕೊಂಡು ಬಂದಿದೆ.

ಚೀನದ ಸರ್ಕಾರ ಇಂದು ಮನ್ನಿಸುವ ಮತಗಳು ಐದು: ಬೌದ್ಧ, ದಾವೊ, ಇಸ್ಲಾಂ, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್. ಕನ್‌ಫ್ಯೂಷಿಯಸ್‌ನ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೂ 1966ರಲ್ಲಿ ರೆಡ್ ಗಾರ್ಡ್‌ಗಳು ಹಾನಿಗೊಳಿಸಿದ ಚೂಫುವಿನ ಕನ್‌ಫ್ಯೂಷಿಯಸ್ ದೇಗುಲದಲ್ಲಿ ಈಗ ಪ್ರತಿ ಸೆಪ್ಟೆಂಬರ್ 28ರಂದು ಅಧಿಕಾರಿಗಳ ಸಮ್ಮುಖದಲ್ಲೇ ವಿಧಿ ನಡೆಯುತ್ತದೆ. ಹಬ್ಬದ ಬೆಳಿಗ್ಗೆ ಪಿತೃಗಳಿಗೆ ಎಡೆಯಿಡುವ ಪದ್ಧತಿ ಇಂದಿಗೂ ವ್ಯಾಪಕವಾಗಿರುವ ದಕ್ಷಿಣ ಕೊರಿಯದಲ್ಲಿ, 2015ರ ಜನಗಣತಿ ನಿಮ್ಮ ಮತ ಯಾವುದೆಂದು ಕೇಳಿದಾಗ ಸುಮಾರು ಐದು ಕೋಟಿ ಜನರಲ್ಲಿ ಕನ್‌ಫ್ಯೂಷಿಯನ್ ಎಂದು ಉತ್ತರಿಸಿದವರು ಒಂದು ಲಕ್ಷಕ್ಕಿಂತ ಕಡಿಮೆ.